ಬ್ಯಾಟರಿ ಮುಗಿದರೆ ಕೇಬಲ್ಲೂ ಮೌನ

ಬ್ಲೂಟೂತ್ ಹೆಡ್‌ಫೋನಿನ ಚಾರ್ಜ್ ಮುಗಿದಾಗ 3.5 ಮಿ.ಮೀ. ಕೇಬಲ್ ಸಿಕ್ಕಿಸಿದರೆ ಹಾಡು ಕೇಳಿಸಲೇಬೇಕೆಂದೇನಿಲ್ಲ. ಕೇಬಲ್‌ನಿಂದ ಬಂದ ಸಂಕೇತ ಒಳಗೆ ಯಾವ ದಾರಿ ಹಿಡಿಯುತ್ತದೆ ಎಂಬುದೇ ಇಲ್ಲಿ ಮುಖ್ಯ.

ಕೆಲವು ಮಾದರಿಗಳಲ್ಲಿ ಅದು ನೇರವಾಗಿ ಸ್ಪೀಕರ್ ಸುರುಳಿಗೆ ಹೋಗುತ್ತದೆ. ಸುರುಳಿ ಅಲುಗಲು ಫೋನ್ ಕೊಡುವ ಕೆಲವೇ ಮಿಲಿವಾಟ್ ಸಾಕು; ಬ್ಯಾಟರಿ ಬೇಕಿಲ್ಲ. ಇನ್ನು ಕೆಲವದರಲ್ಲಿ ಸಂಕೇತ ಮೊದಲು ಅಂಕಿಗಳಾಗಿ ಬದಲಾಗುತ್ತದೆ, ಚಿಪ್ ಅದರ ನಾದವನ್ನು ತಿದ್ದುತ್ತದೆ, ಬಳಿಕ ಆಂಪ್ಲಿಫೈಯರ್ ಸ್ಪೀಕರನ್ನು ನಡೆಸುತ್ತದೆ. ಈ ಸರಪಳಿಯ ಪ್ರತಿ ಕೊಂಡಿಗೂ ವಿದ್ಯುತ್ ಬೇಕು. 2020ರಲ್ಲಿ ಬಂದ ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಇಂಥದ್ದು: ಬ್ಯಾಟರಿ ಬರಿದಾದರೆ ಕೇಬಲ್ ಇದ್ದರೂ ಸದ್ದಿಲ್ಲ. ಇದು ದೋಷವಲ್ಲ, ವಿನ್ಯಾಸವೇ ಹಾಗೆ. ಸದ್ದುತಡೆಯೂ ನಾದ ತಿದ್ದುವಿಕೆಯೂ ಕೇಬಲ್‌ನಲ್ಲಿ ಸಿಗಲೆಂದು ತಯಾರಕರು ಈ ದಾರಿ ಹಿಡಿಯುತ್ತಾರೆ. ದೂರ ಪ್ರಯಾಣದ ನಡುವೆ ಚಾರ್ಜ್ ಮುಗಿದವರಿಗೆ ಮಾತ್ರ ಅದು ದುಬಾರಿ.

ಪರೀಕ್ಷೆ ಸುಲಭ. ಚಾರ್ಜ್ ಇರುವಾಗಲೇ ಹೆಡ್‌ಫೋನನ್ನು ಪೂರ್ತಿ ಆಫ್ ಮಾಡಿ ಕೇಬಲ್ ಹಾಕಬೇಕು. ಹಾಡು ಬಂದರೆ, ತುಸು ಮಂಕಾಗಿಯಾದರೂ, ನೇರ ದಾರಿಯಿದೆ. ಬಾರದೆ, ಆನ್ ಮಾಡಿದೊಡನೆ ಬಂದರೆ, ಕೇಬಲ್ ಸರಿಯಾಗಿದೆ, ಬ್ಯಾಟರಿ ಅನಿವಾರ್ಯ. ಎರಡರಲ್ಲೂ ಮೌನವೇ ಇದ್ದರೆ ಮೊದಲು ಬೇರೊಂದು ಕೇಬಲ್ ಹಾಕಿ ನೋಡಬೇಕು.