ಎರಡು ಬೋರ್‌ವೆಲ್, ಒಂದೇ ಟಿಸಿ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಎಂದರೆ ಹೊರಗಿನವರಿಗೆ ನೆನಪಾಗುವುದು ಕೆಐಎಡಿಬಿ ಕೈಗಾರಿಕಾ ಪ್ರದೇಶ, ಅದರ ಶೆಡ್ಡುಗಳು, ಲಾರಿಗಳು. ಆ ಸುತ್ತಿನ ಹಳ್ಳಿಗಳಲ್ಲಿ ಇರುವವರ ದಿನ ಶುರುವಾಗುವುದು ಬೇರೆ ಪ್ರಶ್ನೆಯಿಂದ: ಇವತ್ತು ನೀರು ಬಿಡುತ್ತಾರಾ? ವರ್ಷವಿಡೀ ಹರಿಯುವ ನದಿ ಈ ಸೀಮೆಯಲ್ಲಿಲ್ಲ. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ ಹೆಚ್ಚಿನ ಕಾಲ ಮರಳಿನ ದಾರಿ. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಹೊಸಕೋಟೆಯ ಹೆಸರಿದೆ. ಹಾಗಾಗಿ ನಲ್ಲಿಯ ನೀರು ಎಂದರೆ ಸಾವಿರ ಅಡಿಯ ಆಸುಪಾಸಿನಿಂದ ಮೋಟಾರ್ ಮೇಲೆತ್ತುವ ನೀರು. ಅದು ಬರುತ್ತದೋ ಇಲ್ಲವೋ ಎಂಬುದು ಮಳೆಯ ಮಾತಷ್ಟೇ ಅಲ್ಲ, ಗುಣಾಕಾರದ ಮಾತೂ ಹೌದು.

ಲೆಕ್ಕಕ್ಕೆ ಒಂದು ಹಳ್ಳಿಯನ್ನು ಇಟ್ಟುಕೊಳ್ಳೋಣ. ಮುಂದಿನ ಅಂಕಿಗಳು ಯಾವ ಪಂಚಾಯಿತಿಯ ದಾಖಲೆಯೂ ಅಲ್ಲ, ಲೆಕ್ಕದ ದಾರಿ ತೋರಿಸಲು ಇಟ್ಟವು. ಒಂದು ಕೊಳವೆಬಾವಿ, ಅದರೊಳಗೊಂದು ಸಬ್‌ಮರ್ಸಿಬಲ್ ಮೋಟಾರ್, ಮೇಲೆ ಸ್ಟಾರ್ಟರ್ ಇರುವ ಪ್ಯಾನೆಲ್ ಬೋರ್ಡ್, ಕರೆಂಟು ಕೊಡುವ ಟಿಸಿ, ಓವರ್‌ಹೆಡ್ ಟ್ಯಾಂಕಿನವರೆಗೆ ಪೈಪ್‌ಲೈನ್. ಈ ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ಟ್ಯಾಂಕಿಗೆ ನೀರು ಏರುವುದಿಲ್ಲ. ಇದಕ್ಕೆ ಸರಣಿ ಜೋಡಣೆ ಎನ್ನುತ್ತಾರೆ.

ಪ್ರತಿಯೊಂದಕ್ಕೂ ಎರಡು ಅಂಕಿ ಬೇಕು. ಒಮ್ಮೆ ಸರಿಯಾದ ಮೇಲೆ ಮತ್ತೆ ಕೆಡುವವರೆಗೆ ಸರಾಸರಿ ಎಷ್ಟು ದಿನ ಓಡುತ್ತದೆ ಎಂಬುದು ಒಂದು. ಎಂಜಿನಿಯರುಗಳು ಎಂಟಿಟಿಎಫ್ ಎನ್ನುವುದು ಇದನ್ನೇ, ನಾವು ಸರಾಸರಿ ಬಾಳಿಕೆ ಎನ್ನೋಣ. ಕೆಟ್ಟ ಮೇಲೆ ಮತ್ತೆ ಓಡಲು ಎಷ್ಟು ಹೊತ್ತು ಬೇಕು ಎಂಬುದು ಇನ್ನೊಂದು, ಅದು ದುರಸ್ತಿ ಅವಧಿ. ಬಾಳಿಕೆಯನ್ನು, ಬಾಳಿಕೆ ಮತ್ತು ದುರಸ್ತಿಯ ಮೊತ್ತದಿಂದ ಭಾಗಿಸಿದರೆ ಲಭ್ಯತೆ ಸಿಗುತ್ತದೆ, ಅಂದರೆ ಒಟ್ಟು ಕಾಲದಲ್ಲಿ ಆ ವಸ್ತು ಕೆಲಸಕ್ಕೆ ಸಿಗುವ ಪಾಲು. ಮೋಟಾರ್ 360 ದಿನ ಓಡಿ, ಸುಟ್ಟುಹೋದರೆ ಸರಿಯಾಗಲು 4 ದಿನ ಬೇಕು ಎಂದಿಟ್ಟುಕೊಳ್ಳಿ. 360 ಭಾಗಿಸು 364, ಅಂದರೆ ಶೇ 98.9. ಉಳಿದ ಶೇ 1.1 ವರ್ಷಕ್ಕೆ ಸುಮಾರು ನಾಲ್ಕು ದಿನ. ಸ್ಟಾರ್ಟರ್ 120 ದಿನಕ್ಕೊಮ್ಮೆ ಕೆಟ್ಟು ಅರ್ಧ ದಿನದಲ್ಲಿ ಸರಿಯಾದರೆ ವರ್ಷಕ್ಕೆ ಒಂದೂವರೆ ದಿನ ನಷ್ಟ. ಪೈಪು 200 ದಿನಕ್ಕೊಮ್ಮೆ ಒಡೆದು ಒಂದು ದಿನ ತೆಗೆದುಕೊಂಡರೆ 1.8 ದಿನ. ಟಿಸಿ 900 ದಿನಕ್ಕೊಮ್ಮೆ ಕೆಟ್ಟು ಮೂರು ದಿನ ತೆಗೆದುಕೊಂಡರೆ 1.2 ದಿನ. ಟಿಸಿಗೆ ಮೂರು ದಿನ ಹಿಡಿದದ್ದಕ್ಕೆ ಕಾರಣವಿದೆ: ಕೆಟ್ಟ ಪರಿವರ್ತಕವನ್ನು ಗ್ರಾಮೀಣ ಪ್ರದೇಶದಲ್ಲಿ ಬದಲಿಸಲು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2004ರ ನಿಯಮ ಕೊಟ್ಟ ಗಡುವು 72 ಗಂಟೆ.

ಸರಣಿಯ ಲಭ್ಯತೆ ಬೇಕೆಂದರೆ ನಾಲ್ಕೂ ಲಭ್ಯತೆಗಳನ್ನು ಗುಣಿಸಬೇಕು. ಇಲ್ಲಿ ಶೇ 97.7 ಬರುತ್ತದೆ. ವರ್ಷದಲ್ಲಿ ಎಂಟೂವರೆ ದಿನ ನೀರು ಏರುವುದಿಲ್ಲ. ಬಿಡಿಬಿಡಿಯಾಗಿ ನೋಡಿದರೆ ನಾಲ್ಕೂ ಶೇ 98ಕ್ಕೆ ಮೇಲೆಯೇ ಇವೆ, ಒಟ್ಟಿಗೆ ಸೇರಿದಾಗ ಯಾವುದಕ್ಕಿಂತಲೂ ಕೆಳಗೆ. ಅತಿ ದುರ್ಬಲವಾದ ಭಾಗ ಎಷ್ಟು ಗಟ್ಟಿಯೋ ಇಡೀ ವ್ಯವಸ್ಥೆ ಅಷ್ಟು ಗಟ್ಟಿ ಎಂಬ ನಂಬಿಕೆಯನ್ನು ಗುಣಾಕಾರ ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಕ್ಷಿಪಣಿಗಳ ವೈಫಲ್ಯವನ್ನು ಎದುರಿಸಿದ ಎಂಜಿನಿಯರುಗಳಿಗೂ ಇದು ತಡವಾಗಿಯೇ ಅರಿವಾಯಿತು. ಅಲ್ಲಿದ್ದ ರಾಬರ್ಟ್ ಲೂಸರ್ ಎಂಬಾತನ ಹೆಸರು ಈ ಗುಣಾಕಾರದ ಸೂತ್ರಕ್ಕೆ ಅಂಟಿಕೊಂಡಿದೆ. ನಮ್ಮ ಲೆಕ್ಕದಲ್ಲೂ ಅಷ್ಟೆ: ಮೋಟಾರು ಎಲ್ಲಕ್ಕಿಂತ ದುರ್ಬಲ, ನಿಜ. ಆದರೆ ಅದು ತಿಂದದ್ದು ನಾಲ್ಕು ದಿನ, ‘ಪರವಾಗಿಲ್ಲ’ ಎನ್ನಿಸಿದ ಉಳಿದ ಮೂರು ಸೇರಿ ತಿಂದದ್ದು ನಾಲ್ಕೂವರೆ ದಿನ.

ಹಳ್ಳಿಯಲ್ಲಿ ಎಲ್ಲರ ಬಾಯಲ್ಲಿರುವುದು ಮಾತ್ರ ಸ್ಟಾರ್ಟರ್. ಅದಕ್ಕೂ ಲೆಕ್ಕದಲ್ಲಿ ಆಧಾರವಿದೆ. ನಾಲ್ಕೂ ಭಾಗಗಳ ಕೆಡುವ ವೇಗವನ್ನು ಕೂಡಿದರೆ ಸುಮಾರು 58 ದಿನಕ್ಕೊಮ್ಮೆ ಏನಾದರೊಂದು ಕೈಕೊಡುತ್ತದೆ, ಅದರಲ್ಲಿ ಹತ್ತಿರಹತ್ತಿರ ಅರ್ಧ ಸ್ಟಾರ್ಟರಿನದೇ. ಕಾಯಿಲ್ ಸುಟ್ಟಿತು, ಕಾಂಟ್ಯಾಕ್ಟ್ ಕರಗಿತು, ರಿಲೇ ಪದೇಪದೇ ಟ್ರಿಪ್ ಆಗುತ್ತಿದೆ ಎಂದು ಹೊಸಕೋಟೆಗೆ ಓಡುವ ನೀರುಗಂಟಿಗೆ ಅದೇ ದೊಡ್ಡ ಶತ್ರು. ಕಾಡುವುದು ಸ್ಟಾರ್ಟರ್, ದಿನ ನುಂಗುವುದು ಮೋಟಾರ್. ದೂರುಗಳ ಸಂಖ್ಯೆ ನೋಡಿ ದುಡ್ಡು ಹಾಕುವ ಪಂಚಾಯಿತಿ ಮೊದಲು ಹೊಸ ಪ್ಯಾನೆಲ್ ಕೊಳ್ಳುತ್ತದೆ, ವರ್ಷದ ಕೊನೆಗೆ ಒಂದೂವರೆ ದಿನಕ್ಕಿಂತ ಹೆಚ್ಚು ಉಳಿಸಿರುವುದಿಲ್ಲ.

ಹಾಗಾದರೆ ಮೋಟಾರಿಗೇನು ಮಾಡಬೇಕು? ಎರಡು ಪಟ್ಟು ಬಾಳುವ ದುಬಾರಿ ಮೋಟಾರ್ ತಂದರೆ 720 ದಿನಕ್ಕೊಮ್ಮೆ ನಾಲ್ಕು ದಿನದ ದುರಸ್ತಿ, ನಷ್ಟ ವರ್ಷಕ್ಕೆ ಎರಡು ದಿನಕ್ಕಿಳಿಯುತ್ತದೆ. ಈಗ ದುರಸ್ತಿಯ ನಾಲ್ಕು ದಿನವನ್ನು ಬಿಚ್ಚಿ ನೋಡಿ. ಮೋಟಾರ್ ಸುಟ್ಟಿದೆ ಎಂದು ಖಚಿತವಾಗಬೇಕು. ಪೈಪು ಎತ್ತುವ ಗಾಡಿ ಬರಬೇಕು. ಇಪ್ಪತ್ತು ಅಡಿಯ ಜಿಐ ಪೈಪಾದರೆ ಸಾವಿರ ಅಡಿಗೆ ಐವತ್ತು ತುಂಡು, ಒಂದೊಂದನ್ನೂ ಕ್ಲ್ಯಾಂಪ್ ಹಾಕಿ ಹಿಡಿದು ಬಿಚ್ಚಬೇಕು. ಮೋಟಾರನ್ನು ಅಂಗಡಿಗೆ ಒಯ್ದು, ಹಳೇ ತಂತಿ ಕಿತ್ತು, ರಿವೈಂಡಿಂಗ್ ಮಾಡಿಸಿ, ಪರೀಕ್ಷಿಸಿ ತರಬೇಕು. ಆಮೇಲೆ ಅದೇ ಐವತ್ತು ತುಂಡು ಮತ್ತೆ ಕೆಳಗಿಳಿಯಬೇಕು. ಇದರಲ್ಲಿ ಬಾವಿಯ ಬಾಯಲ್ಲಿ ನಡೆಯುವ ಕೆಲಸ ಒಂದು ದಿನದ್ದು, ಉಳಿದದ್ದು ಅಂಗಡಿಯ ಸರದಿ ಮತ್ತು ಕಾಯುವಿಕೆ. ಅದೇ ಅಶ್ವಶಕ್ತಿಯ, ಅದೇ ಸ್ಟೇಜಿನ ಇನ್ನೊಂದು ಮೋಟಾರ್ ರಿಪೇರಿಯಾಗಿ ಮೊದಲೇ ಗೋದಾಮಿನಲ್ಲಿದ್ದರೆ, ಎತ್ತಿದ ದಿನವೇ ಅದನ್ನು ಇಳಿಸಬಹುದು. ದುರಸ್ತಿ ನಾಲ್ಕರಿಂದ ಒಂದು ದಿನಕ್ಕಿಳಿದರೆ ನಷ್ಟ ವರ್ಷಕ್ಕೆ ಒಂದೇ ದಿನ. ಬಾಳಿಕೆ ಇಮ್ಮಡಿ ಮಾಡುವುದಕ್ಕಿಂತ ಇದು ಒಳ್ಳೆಯ ವ್ಯಾಪಾರ. ಟೆಂಡರ್ ಕಾಗದಗಳಲ್ಲಿ ಮೋಟಾರಿನ ಗ್ಯಾರಂಟಿಗೆ ಪುಟಗಟ್ಟಲೆ ಷರತ್ತು ಇರುತ್ತದೆ, ಗಾಡಿ ಎಷ್ಟು ಗಂಟೆಯೊಳಗೆ ಬರಬೇಕು ಎಂಬುದಕ್ಕೂ ಒಂದು ಸಾಲು ಇರಬೇಕೆನ್ನುವುದು ಅದಕ್ಕೇ.

ಜನ ಸಾಮಾನ್ಯವಾಗಿ ಕೇಳುವುದು ಇದ್ಯಾವುದೂ ಅಲ್ಲ. ‘ಇನ್ನೊಂದು ಬೋರ್ ಕೊರೆಸಿ ಸ್ವಾಮಿ’ ಎನ್ನುತ್ತಾರೆ. ಅದು ಸಮಾಂತರ ಜೋಡಣೆ: ಎರಡರಲ್ಲಿ ಒಂದು ಓಡಿದರೂ ಸಾಕು. ಇಲ್ಲಿ ಗುಣಿಸಬೇಕಾದದ್ದು ಲಭ್ಯತೆಯನ್ನಲ್ಲ, ಅಲಭ್ಯತೆಯನ್ನು. ಮೋಟಾರ್ ಮತ್ತು ಸ್ಟಾರ್ಟರ್ ಸೇರಿ ಒಂದು ಬೋರ್‌ವೆಲ್ ಶೇ 1.5ರಷ್ಟು ಕಾಲ ನಿಂತಿರುತ್ತದೆ. ಎರಡೂ ಒಮ್ಮೆಗೇ ನಿಂತಿರುವ ಕಾಲ 0.015 ಗುಣಿಸು 0.015, ವರ್ಷಕ್ಕೆ ಬರೀ ಎರಡು ಗಂಟೆ! ಐದೂವರೆ ದಿನದ ನಷ್ಟ ಎರಡು ಗಂಟೆಗೆ ಇಳಿದದ್ದು ಕಂಡು ಯಾರಿಗಾದರೂ ಮೂರನೆಯದನ್ನೂ ಕೊರೆಸುವ ಆಸೆ ಹುಟ್ಟಬಹುದು. ಆದರೆ ಎರಡು ಬೋರಿಗೂ ಟಿಸಿ ಒಂದೇ, ಟ್ಯಾಂಕಿಗೆ ಹೋಗುವ ಪೈಪು ಒಂದೇ. ಆ ಮೂರು ದಿನದ ನಷ್ಟ ಅಲ್ಲಾಡದೆ ಕೂತಿರುತ್ತದೆ. ಒಟ್ಟು ನಷ್ಟ ಎಂಟೂವರೆಯಿಂದ ಮೂರು ದಿನ ಚಿಲ್ಲರೆಗೆ ಇಳಿಯುತ್ತದೆ, ಅಲ್ಲಿಂದ ಮುಂದೆ ಮೂರನೇ ಬೋರು ಉಳಿಸಬಲ್ಲದ್ದು ಹೆಚ್ಚೆಂದರೆ ಅದೇ ಎರಡು ಗಂಟೆ.

ಆ ಎರಡು ಗಂಟೆಯನ್ನೂ ನಂಬುವ ಹಾಗಿಲ್ಲ. ಅಲಭ್ಯತೆಗಳನ್ನು ಗುಣಿಸಬೇಕಾದರೆ ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇರಬಾರದು. ಇಲ್ಲಿ ಸಂಬಂಧ ಇದ್ದೇ ಇದೆ. ಮೂರು ಫೇಸಿನಲ್ಲಿ ಒಂದು ಹೋದರೆ, ತಡೆಯುವ ಸಾಧನ ಸರಿಯಿಲ್ಲದ ಎರಡೂ ಮೋಟಾರ್ ಒಂದೇ ಸಂಜೆ ಸುಡಬಹುದು. ಸಿಡಿಲು ಒಂದೇ ಲೈನಿಗೆ ಬೀಳುತ್ತದೆ. ಪಕ್ಕಪಕ್ಕದಲ್ಲಿ ಕೊರೆದ ಎರಡು ಬಾವಿಗಳು ಒಂದೇ ಬಿರುಕಿನ ನೀರು ಹೀರುತ್ತಿದ್ದರೆ ಏಪ್ರಿಲ್‌ನಲ್ಲಿ ಒಂದರ ಹಿಂದೆ ಇನ್ನೊಂದು ಬತ್ತುತ್ತದೆ, ಬರೀ ಗಾಳಿ ಎಳೆದು ಮೋಟಾರ್ ಕಾಯುತ್ತದೆ. ಕೆಡುವ ಪ್ರಸಂಗಗಳಲ್ಲಿ ಹತ್ತರಲ್ಲೊಂದು ಹೀಗೆ ಎರಡಕ್ಕೂ ಒಟ್ಟಿಗೆ ತಗುಲುತ್ತದೆ ಎಂದಿಟ್ಟುಕೊಂಡರೆ ಸಾಕು, ಎರಡು ಗಂಟೆಯ ಜಾಗದಲ್ಲಿ ಅರ್ಧ ದಿನಕ್ಕೂ ಹೆಚ್ಚು ಬಂದು ಕೂರುತ್ತದೆ.

ಇನ್ನೊಂದು ಮೋಸ ಸದ್ದಿಲ್ಲದ್ದು. ಎರಡನೇ ಬೋರನ್ನು ‘ಇರಲಿ, ಆಪತ್ತಿಗೆ’ ಎಂದು ಬಂದ್ ಮಾಡಿ ಇಡುತ್ತಾರೆ. ಓಡುವ ಮೋಟಾರ್ ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ, ನಿಂತ ಮೋಟಾರ್ ಕೆಟ್ಟದ್ದು ಗೊತ್ತಾಗುವುದು ಬೇಕಾದ ದಿನವೇ. ಪಂಪಿನೊಳಗೆ ಸುಣ್ಣ, ಹೂಳು ಕಟ್ಟಿ ಜಾಮ್ ಆಗಿರುತ್ತದೆ, ಕೇಬಲ್ ಜಾಯಿಂಟಿಗೆ ನೀರು ಇಳಿದಿರುತ್ತದೆ, ಪ್ಯಾನೆಲ್ಲಿನಲ್ಲಿ ಇಲಿ ಸಂಸಾರ ಹೂಡಿರುತ್ತದೆ. ಇದಕ್ಕೂ ಲೆಕ್ಕವಿದೆ. ಎರಡು ಪರೀಕ್ಷೆಗಳ ನಡುವೆ ಯಾವಾಗಲೋ ಕೆಟ್ಟದ್ದು ಸರಾಸರಿ ಆ ಅಂತರದ ಅರ್ಧದಷ್ಟು ಕಾಲ ಗುಟ್ಟಾಗಿ ಉಳಿಯುತ್ತದೆ. ನಿಂತ ಮೋಟಾರಿನ ಬಾಳಿಕೆಯೂ 360 ದಿನವೇ ಎಂದರೆ, ವಾರಕ್ಕೊಮ್ಮೆ ಓಡಿಸಿ ನೋಡುವಲ್ಲಿ ಅದು ಕೆಟ್ಟು ಬಿದ್ದಿರುವ ಸಾಧ್ಯತೆ ಶೇ 1. ಆರು ತಿಂಗಳಿಗೊಮ್ಮೆ ಓಡಿಸುವಲ್ಲಿ ಐದರಲ್ಲಿ ಒಂದು. ಅದಕ್ಕೇ ಬಲ್ಲ ನೀರುಗಂಟಿ ಎರಡನ್ನೂ ದಿನ ಬಿಟ್ಟು ದಿನ ಓಡಿಸುತ್ತಾನೆ. ಓಡಿಸುವಾಗ ಆಮ್‌ಮೀಟರಿನ ಮುಳ್ಳು ನೋಡುತ್ತಾನೆ: ಎಂದಿಗಿಂತ ಹೆಚ್ಚು ಆಂಪ್ಸ್ ಎಳೆದರೆ ಪಂಪು ಬಿಗಿಯುತ್ತಿದೆ ಅಥವಾ ವೋಲ್ಟೇಜ್ ಕುಸಿದಿದೆ, ತೀರಾ ಕಡಿಮೆ ಎಳೆದರೆ ನೀರಿಲ್ಲ.

ಸರಾಸರಿ ಎಂಬುದಕ್ಕೂ ಮಿತಿಯಿದೆ. 360 ದಿನ ಎಂದರೆ ಮೋಟಾರಿನ ಆಯುಷ್ಯ ಬರೆದಿಟ್ಟ ಹಾಗಲ್ಲ. ಯಾವ ದಿನ ಬೇಕಾದರೂ ಒಂದೇ ಸಂಭವದಲ್ಲಿ ಕೆಡುವ ವಸ್ತುಗಳಲ್ಲಿ ನೂರಕ್ಕೆ 63 ಸರಾಸರಿ ಮುಟ್ಟುವ ಮೊದಲೇ ಹೋಗಿರುತ್ತವೆ. ಇಲ್ಲಿಯಂತೂ ಎಲ್ಲ ದಿನಗಳೂ ಸಮವಲ್ಲ. ಬೇಸಿಗೆಯಲ್ಲಿ ಮೋಟಾರ್ ಹೆಚ್ಚು ಹೊತ್ತು ಓಡುತ್ತದೆ, ನೀರು ಕೆಳಗಿರುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಅದೇ ಹೊತ್ತಿಗೆ ಪೈಪು ಎತ್ತುವ ಗಾಡಿಗೂ ರಿವೈಂಡಿಂಗ್ ಅಂಗಡಿಗೂ ಸುತ್ತಲ ಊರುಗಳೆಲ್ಲ ಸಾಲು ನಿಂತಿರುತ್ತವೆ. ಬಾಳಿಕೆ ಕುಗ್ಗುವುದೂ ದುರಸ್ತಿ ಲಂಬಿಸುವುದೂ ಒಟ್ಟಿಗೆ. ವರ್ಷದ ಶೇ 97.7 ಎಂಬ ಅಂಕಿಯಲ್ಲಿ ಏಪ್ರಿಲ್ ಕಾಣುವುದಿಲ್ಲ. ಹಾಗಾಗಿ ತಿಂಗಳವಾರು ಲೆಕ್ಕ ಇಡುವುದು ವಾಸಿ. ಪಂಪ್‌ಹೌಸಿನಲ್ಲೊಂದು ನೋಟ್‌ಬುಕ್, ನಿಂತ ಹೊತ್ತು, ಮತ್ತೆ ಓಡಿದ ಹೊತ್ತು, ಕೆಟ್ಟದ್ದೇನು, ಇಷ್ಟು ಬರೆದರೆ ಸಾಕು. ನಿಂತ ಹೊತ್ತು ಎಂದರೆ ನಿಜವಾಗಿ ನಿಂತ ಹೊತ್ತು, ದೂರು ಕೊಟ್ಟ ಹೊತ್ತಲ್ಲ. ರಾತ್ರಿ ನಿಂತದ್ದನ್ನು ಮಧ್ಯಾಹ್ನ ಗಮನಿಸಿದರೆ ಆ ಅರ್ಧ ದಿನವೂ ದುರಸ್ತಿ ಅವಧಿಯೇ.

ಇಷ್ಟು ಹೊತ್ತು ಟ್ಯಾಂಕನ್ನು ಬದಿಗಿಟ್ಟಿದ್ದೆವು. ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ಸಾವಿರ ಜನರ ಹಳ್ಳಿಗೆ 55 ಸಾವಿರ ಲೀಟರಿನ ಟ್ಯಾಂಕ್ ತುಂಬಿದ್ದರೆ ಒಂದು ದಿನದ ನೀರು. ಆಗ ಅರ್ಧ ದಿನದ ಸ್ಟಾರ್ಟರ್ ರಿಪೇರಿ ಯಾವ ನಲ್ಲಿಗೂ ತಿಳಿಯುವುದಿಲ್ಲ, ಟ್ಯಾಂಕಿಗೆ ಬರುವ ಪೈಪಿನ ಒಂದು ದಿನದ ರಿಪೇರಿಯೂ ಅಷ್ಟೆ. ಮೋಟಾರಿನ ನಾಲ್ಕು ದಿನ ಮೂರಾಗುತ್ತದೆ, ಟಿಸಿಯ ಮೂರು ಎರಡಾಗುತ್ತದೆ. ಒಂದೇ ಬೋರ್ ಇದ್ದರೂ ನಲ್ಲಿ ಒಣಗುವುದು ವರ್ಷಕ್ಕೆ ನಾಲ್ಕು ದಿನದೊಳಗೆ. ಹೊಸ ಬೋರು ಕೊಟ್ಟ ಫಲದಲ್ಲಿ ಹೆಚ್ಚಿನ ಪಾಲನ್ನು ಕಾಂಕ್ರೀಟಿನ ಪಾತ್ರೆಯೊಂದು ಕೊಟ್ಟಿತು. ಷರತ್ತು ಒಂದೇ: ಕೆಟ್ಟ ಗಳಿಗೆಯಲ್ಲಿ ಟ್ಯಾಂಕ್ ತುಂಬಿರಬೇಕು. ತ್ರೀ ಫೇಸ್ ಕರೆಂಟು ಕೆಲವೇ ಗಂಟೆ ಬರುವ ಕಡೆ, ಬಂದಷ್ಟು ನೀರು ಅಂದೇ ಖಾಲಿಯಾಗುವ ಕಡೆ ಟ್ಯಾಂಕ್ ಬಹುಪಾಲು ಹೊತ್ತು ಅರ್ಧವೇ ಇರುತ್ತದೆ, ಆಗ ಉಳಿಯುವುದೂ ಅರ್ಧ ದಿನವೇ.

ಎರಡು ಬೋರು, ತುಂಬಿದ ಟ್ಯಾಂಕು ಎರಡೂ ಇದ್ದ ಹಳ್ಳಿಯಲ್ಲಿ, ಎರಡೂ ಮೋಟಾರಿಗೆ ಒಟ್ಟಿಗೆ ಬರುವ ಕಾಟವನ್ನು ಬಿಟ್ಟರೆ, ಉಳಿಯುವುದು ಟಿಸಿಯ ಬಾಬತ್ತು: ಎರಡೂವರೆ ವರ್ಷಕ್ಕೊಮ್ಮೆ ಎರಡು ದಿನ. ಬದಲಿ ಟಿಸಿ 72ರ ಬದಲು 24 ಗಂಟೆಯಲ್ಲಿ ಕಂಬವೇರಿದರೆ ಅದನ್ನೂ ಟ್ಯಾಂಕೇ ನುಂಗುತ್ತದೆ.