ಹತ್ತು ಅಂದರೆ ಎಷ್ಟು?

ಸಾಬೂನಿನ ಗೋದಾಮೊಂದರ ಹಳೆಯ ಎಕ್ಸೆಲ್ ಪಟ್ಟಿಯಲ್ಲಿ ‘ದಾಸ್ತಾನು 10’ ಎಂದಿದೆ ಎಂದುಕೊಳ್ಳಿ. ಅದು 10 ಬಿಡಿ ಸಾಬೂನೋ, ತಲಾ 48 ಸಾಬೂನಿನ 10 ಪೆಟ್ಟಿಗೆಯೋ? ಅಲ್ಲಿನ ಹಳಬರಿಗೆ ಗೊತ್ತು, ಹೊಸ ತಂತ್ರಾಂಶಕ್ಕೆ ಗೊತ್ತಿಲ್ಲ. ಪೆಟ್ಟಿಗೆಯನ್ನು ಬಿಡಿ ಎಂದು ಓದಿಕೊಂಡರೆ 470 ಸಾಬೂನು ಲೆಕ್ಕದಿಂದ ಮಾಯ. ಅಂಗಡಿಯವರು 24 ಕೇಳಿದಾಗ, ಪೆಟ್ಟಿಗೆಗಳು ಕಣ್ಣೆದುರೇ ಇದ್ದರೂ ಪರದೆ ‘ಮಾಲಿಲ್ಲ’ ಎನ್ನುತ್ತದೆ.

ಆದ್ದರಿಂದ ದತ್ತಾಂಶ ಶುದ್ಧಿಯ ಮೊದಲ ಕೆಲಸ ಪೆಟ್ಟಿಗೆ ಬಿಚ್ಚಿ ಎಣಿಸುವುದು. ಪ್ರತಿ ಸರಕಿಗೂ ಎಣಿಕೆಯ ಅಳತೆ ಯಾವುದು, ಪೆಟ್ಟಿಗೆಗೆ ಎಷ್ಟು ಎಂದು ನೋಡಿಯೇ ಬರೆಯಬೇಕು.

ಬಾರ್‌ಕೋಡ್ ಈ ವ್ಯತ್ಯಾಸವನ್ನು ಕಾಪಾಡುತ್ತದೆ. ಭಾರತದಲ್ಲಿ ಬಿಡಿ ಸರಕಿಗೆ ಸಾಮಾನ್ಯವಾಗಿ 13 ಅಂಕಿಯ ಸಂಖ್ಯೆ, ಪೆಟ್ಟಿಗೆಗೆ 14 ಅಂಕಿಯದು. ಎರಡಕ್ಕೂ ಒಂದೇ ಚೀಟಿ ಅಂಟಿಸಿದರೆ ಹಳೆಯ ಗೊಂದಲವೇ ಮರಳುತ್ತದೆ.

ಹಳೆಯದನ್ನು ನಿಲ್ಲಿಸಿ ಹೊಸದಕ್ಕೆ ದಾಟುವ ರಾತ್ರಿ ಸರಕಿನ ಓಡಾಟ ನಿಲ್ಲಲೇಬೇಕು. ಲಾರಿಗೇರಿದರೂ ಹೊರಡದ ಮಾಲು ಎರಡು ಸಲ ಲೆಕ್ಕಕ್ಕೆ ಬರಬಹುದು. ಬಾಗಿಲು ತೆರೆಯುವ ಮುನ್ನ ಕೆಲವು ಕಪಾಟುಗಳನ್ನು, ಪರದೆಯ ಅಂಕಿ ನೋಡದವರಿಂದ ಎಣಿಸಿ. ಲೆಕ್ಕ ಹೊಂದದಿದ್ದರೆ ಕಾರಣ ಸಿಗುವವರೆಗೆ ಹೊಸ ವ್ಯವಸ್ಥೆಗೆ ದಾಟಬಾರದು.