ಆಂಥೂರಿಯಂ: ಎಲೆಯ ಕಂದು ಕಲೆ ಮತ್ತು ಬಾರದ ಹೂವು

ಆಂಥೂರಿಯಂ ಕೆಸುವಿನ ಕುಟುಂಬಕ್ಕೆ ಸೇರಿದ ಗಿಡ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕೆಂಪು ಹೂವಿನ ಜಾತಿಯ ತವರು ದಕ್ಷಿಣ ಅಮೆರಿಕದ ಕೊಲಂಬಿಯ ಮತ್ತು ಈಕ್ವೆಡಾರ್ ದೇಶಗಳ ಮಳೆಕಾಡು. 1876ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಎದುವಾರ್ ಆಂಡ್ರೆ ಅದನ್ನು ಕೊಲಂಬಿಯದಲ್ಲಿ ಸಂಗ್ರಹಿಸಿದ. ಅದರ ವೈಜ್ಞಾನಿಕ ಹೆಸರಿನಲ್ಲಿರುವ 'ಆಂಡ್ರಿಯೇನಮ್' ಎಂಬ ಭಾಗ ಅವನ ನೆನಪಿನದು. ಕಾಡಿನಲ್ಲಿ ಈ ಗಿಡ ಮರದ ಕಾಂಡವನ್ನೋ ನೆಲದ ಮೇಲಿನ ತರಗೆಲೆಯ ರಾಶಿಯನ್ನೋ ಆಶ್ರಯಿಸಿ ಬೆಳೆಯುತ್ತದೆ. ಅದರ ದಪ್ಪ ಬೇರುಗಳ ಮೇಲೆ ಸ್ಪಂಜಿನಂಥ ಹೊದಿಕೆಯಿದ್ದು, ಮಳೆ ಸುರಿದಾಗ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಬೇರಿನ ಸುತ್ತ ಗಾಳಿಯಾಡುತ್ತದೆ. ಕುಂಡದ ಗಿಡಕ್ಕೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಬೇರು ಮಣ್ಣಿನಲ್ಲಿ ಹೂತು ಉಸಿರುಗಟ್ಟುವುದರಿಂದ ಶುರುವಾಗುತ್ತವೆ.

ಎಲೆಯ ಕಂದು ಕಲೆಯನ್ನೂ ಹೂವಿನ ಕೊರತೆಯನ್ನೂ ಒಂದೇ ರೋಗದ ಎರಡು ಲಕ್ಷಣಗಳೆಂದು ಭಾವಿಸುವುದು ಸಾಮಾನ್ಯ. ಆದರೆ ಕಲೆ ಬಹುತೇಕ ನೀರು ಮತ್ತು ಬೇರಿನ ಸ್ಥಿತಿಯನ್ನು ಹೇಳಿದರೆ, ಹೂವಿನ ಕೊರತೆ ಬಹುತೇಕ ಬೆಳಕಿನ ಲೆಕ್ಕವನ್ನು ಹೇಳುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಪರಿಹಾರ ಸುಲಭವಾಗುತ್ತದೆ.

ಕಲೆ ಎಲೆಯ ಯಾವ ಜಾಗದಲ್ಲಿದೆ ಎಂಬುದನ್ನು ಮೊದಲು ಗಮನಿಸಬೇಕು. ತುದಿ ಮತ್ತು ಅಂಚು ಮಾತ್ರ ಒಣಗಿ ಗರಿಗರಿಯಾಗಿದ್ದರೆ ಒಣಹವೆ ಅಥವಾ ಕುಂಡದಲ್ಲಿ ಸೇರಿಕೊಂಡ ಲವಣ ಕಾರಣವಿರಬಹುದು. ಬೆಳಕಿನ ಕಡೆಗೆ ಮುಖ ಮಾಡಿದ ಎಲೆಯ ನಡುವೆ ಬಿಳಿಚಿ, ನಂತರ ಕಾಗದದಂತೆ ಒಣಗಿದ ದೊಡ್ಡ ಕಲೆಯಿದ್ದರೆ ಅದು ಬಿಸಿಲ ಸುಟ್ಟಗಾಯ. ಕೆಳಗಿನ ಎಲೆಗಳು ಹಳದಿಯಾಗಿ, ಮೆತ್ತನೆಯ ಗಾಢ ಕಂದು ಮಚ್ಚೆಗಳು ಹರಡುತ್ತಿದ್ದು, ಕುಂಡದ ಮಿಶ್ರಣ ಸದಾ ಒದ್ದೆಯಾಗಿದ್ದರೆ ಬೇರು ಕೊಳೆಯುತ್ತಿದೆ. ಇವುಗಳಿಗಿಂತ ಗಂಭೀರವಾದದ್ದು ಇನ್ನೊಂದು: ಎಲೆಯ ಅಂಚಿನಿಂದ ನೀರು ತುಂಬಿದಂಥ ಮಚ್ಚೆಗಳು ಒಳಮುಖವಾಗಿ ಬೆಳೆದು, ಕಂದಾಗಿ, ಸುತ್ತ ಹಳದಿ ವಲಯ ಮೂಡುವುದು. ಇದು ಕ್ಸಾಂಥೊಮೊನಾಸ್ ಬ್ಯಾಕ್ಟೀರಿಯಾದ ಅಂಗಮಾರಿ. 1980ರ ದಶಕದಲ್ಲಿ ಹವಾಯಿ ದ್ವೀಪಗಳ ಆಂಥೂರಿಯಂ ತೋಟಗಳಿಗೆ ಭಾರಿ ನಷ್ಟ ತಂದದ್ದು ಇದೇ. ಬ್ಯಾಕ್ಟೀರಿಯಾ ಎಲೆಯಂಚಿನ ನೀರುರಂಧ್ರಗಳ ಮೂಲಕ ಒಳಹೋಗುತ್ತದೆ, ನೀರಿನ ಹನಿ ಸಿಡಿದು ಹರಡುತ್ತದೆ. ರೋಗ ಕಾಂಡಕ್ಕೆ ಇಳಿದ ಗಿಡವನ್ನು ಉಳಿಸಿಕೊಳ್ಳಲು ದಾರಿಯಿಲ್ಲ. ಅದನ್ನು ಬೇರೆ ಗಿಡಗಳಿಂದ ದೂರ ಸಾಗಿಸಿ ನಾಶಮಾಡಬೇಕು, ಬಳಸಿದ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿಟ್ಟ ಒಂದು ಗಿಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಿಟಕಿಯಿಂದ ಹತ್ತು ಅಡಿ ದೂರದ ಟೀಪಾಯಿಯ ಮೇಲೆ ಅದರ ಜಾಗ. ಕೆಂಪು ಮಣ್ಣು ಮತ್ತು ಕೊಕೊಪೀಟ್ ಬೆರೆಸಿದ ಕುಂಡ, ದಿನಕ್ಕೊಂದು ಲೋಟ ಬೋರ್‌ವೆಲ್ ನೀರು. ಮಾರ್ಚ್ ಹೊತ್ತಿಗೆ ಹಳೆಯ ಎಲೆಗಳ ಅಂಚು ಕಂದಾಗಿದೆ, ಕೆಳಗಿನ ಎರಡು ಎಲೆಗಳಲ್ಲಿ ಮೆತ್ತನೆಯ ಮಚ್ಚೆಗಳಿವೆ. ತಂದಾಗ ಇದ್ದ ಹೂವುಗಳು ಒಣಗಿದ ಮೇಲೆ ಹೊಸದು ಬಂದಿಲ್ಲ.

ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ನೋಡದೆ ಇಂಥ ಸ್ಥಿತಿಯಲ್ಲಿ ಏನನ್ನೂ ನಿರ್ಧರಿಸಲಾಗದು. ಆರೋಗ್ಯವಂತ ಬೇರು ಬೆಳ್ಳಗೆ ಅಥವಾ ತಿಳಿಗಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಹಿಸುಕಿದರೆ ಹೊರಪದರ ಜಾರಿ ನಡುವಿನ ದಾರದಂಥ ಎಳೆ ಕೈಯಲ್ಲಿ ಉಳಿಯುತ್ತದೆ. ಕೊಳೆತ ಭಾಗವನ್ನೆಲ್ಲ ಶುಚಿಯಾದ ಕತ್ತರಿಯಿಂದ ತೆಗೆಯಬೇಕು. ಈ ಗಿಡದ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಕೆಸುವಿನ ಹಾಗೆ ಇದೂ ತುರಿಸುವುದರಿಂದ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು.

ಹೊಸ ಮಿಶ್ರಣದಲ್ಲಿ ಮಣ್ಣು ಇರಬೇಕಾಗಿಲ್ಲ. ತೆಂಗಿನ ಸಿಪ್ಪೆಯ ತುಂಡು ಎರಡು ಪಾಲು, ಇದ್ದಿಲು ಅಥವಾ ಇಟ್ಟಿಗೆ ಚೂರು ಒಂದು ಪಾಲು, ಕೊಕೊಪೀಟ್ ಒಂದು ಪಾಲು ಸಾಕು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದರಿಂದ ನೀರಿನಲ್ಲಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಬಳಸಬೇಕು. ಕುಂಡ ಬೇರಿನ ಗುಂಪಿಗಿಂತ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಅಗಲವಿರಲಿ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಿಶ್ರಣ ಒದ್ದೆಯಾಗಿಯೇ ಉಳಿಯುತ್ತದೆ.

ನೀರಿಗೆ ದಿನದ ಲೆಕ್ಕ ಹೊಂದುವುದಿಲ್ಲ. ಬೆರಳಿನ ಎರಡು ಗೆಣ್ಣಿನಷ್ಟು ಆಳದಲ್ಲಿ ಮಿಶ್ರಣ ಒಣಗಲು ಶುರುವಾದಾಗ, ತಳದ ತೂತಿನಿಂದ ಹರಿದು ಬರುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ದಿನವೂ ಸ್ವಲ್ಪ ಸ್ವಲ್ಪ ಹಾಕುವ ಪದ್ಧತಿಯಿಂದ ಎರಡು ಹಾನಿ. ಬೇರಿಗೆ ಗಾಳಿ ಸಿಗುವ ಬಿಡುವು ಇಲ್ಲವಾಗುತ್ತದೆ, ಬೋರ್‌ವೆಲ್ ನೀರಿನ ಲವಣ ತೊಳೆದುಹೋಗದೆ ಕುಂಡದಲ್ಲೇ ಗಟ್ಟಿಯಾಗುತ್ತದೆ. ಕುಂಡದ ಅಂಚಿನ ಬಿಳಿ ಪುಡಿ ಅದರ ಗುರುತು. ಮಳೆನೀರು ಅಥವಾ ಆರ್‌ಒ ಫಿಲ್ಟರಿನ ನೀರು ಬೆರೆಸಿದರೆ ಲವಣ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ತೊಳೆಯುವುದೂ ಒಳ್ಳೆಯದು.

ಆಂಥೂರಿಯಂಗೆ ಶೇ. 60ರಿಂದ 80ರಷ್ಟು ತೇವಾಂಶ ಹಿತ. ಬೆಂಗಳೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ಅದು ಶೇ. 30ಕ್ಕಿಂತ ಕೆಳಗಿಳಿಯುವುದುಂಟು. ಕೊಡಗಿನಂಥ ಮಲೆನಾಡಿನ ಮಳೆಗಾಲದಲ್ಲಿ ಈ ಚಿಂತೆ ಇರುವುದಿಲ್ಲ. ಎಲೆಗೆ ನೀರು ಚಿಮುಕಿಸಿದರೆ ಗಾಳಿಯಲ್ಲಿ ಏರಿದ ತೇವ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ, ಒದ್ದೆ ಎಲೆ ಮಾತ್ರ ಬ್ಯಾಕ್ಟೀರಿಯಾಕ್ಕೆ ಅನುಕೂಲ ಮಾಡಿಕೊಡುತ್ತದೆ. ಬೆಣಚುಕಲ್ಲು ಮತ್ತು ನೀರು ತುಂಬಿದ ತಟ್ಟೆಯ ಮೇಲೆ ಕುಂಡವಿಡುವುದರ ಫಲವೂ ತೀರ ಅಲ್ಪ. ಹಲವು ಗಿಡಗಳನ್ನು ಒಟ್ಟಿಗಿಡುವುದು, ಫ್ಯಾನ್ ಮತ್ತು ಎಸಿಯ ಗಾಳಿ ನೇರ ತಾಗದ ಜಾಗ ಆರಿಸುವುದು, ಸಾಧ್ಯವಿದ್ದರೆ ಹ್ಯುಮಿಡಿಫೈಯರ್ ಇಡುವುದು ಹೆಚ್ಚು ಉಪಯುಕ್ತ. ಪುಟ್ಟ ತೇವಮಾಪಕವೊಂದನ್ನು ಗಿಡದ ಪಕ್ಕದಲ್ಲಿಟ್ಟರೆ ಊಹೆಗೆ ಅವಕಾಶ ಇರುವುದಿಲ್ಲ.

ಹೂವಿನ ವಿಷಯದಲ್ಲಿ ಗಿಡದ ಒಂದು ನಿಯಮ ತಿಳಿದಿರಬೇಕು. ನಾವು ಹೂವೆನ್ನುವ ಕೆಂಪು ಭಾಗ ನಿಜಕ್ಕೂ ಬಣ್ಣ ತಳೆದ ಒಂದು ಎಲೆ. ನಿಜವಾದ ಹೂಗಳು ನಡುವಿನ ದಂಡಿನ ಮೇಲೆ ಸಣ್ಣದಾಗಿ ಒತ್ತೊತ್ತಾಗಿ ಇರುತ್ತವೆ. ಬೆಳೆದ ಗಿಡದಲ್ಲಿ ಪ್ರತಿ ಹೊಸ ಎಲೆಯ ಕಂಕುಳಿನಿಂದ ಒಂದು ಹೂಗೊಂಚಲು ಬರಬೇಕು. ಆದ್ದರಿಂದ ಎಲೆ ಕಡಿಮೆಯಾದರೆ ಹೂವೂ ಕಡಿಮೆ. ಬೆಳಕು ಸಾಲದಿದ್ದರೆ ಎಲೆ ಬಂದರೂ ಕಂಕುಳಿನ ಮೊಗ್ಗು ಬೆಳೆಯದೆ ನಿಂತುಬಿಡುತ್ತದೆ. ತೋಟಗಾರರು ಶೇ. 75–80ರಷ್ಟು ಬೆಳಕು ತಡೆಯುವ ನೆರಳು ಬಲೆಯಡಿ ಇದನ್ನು ಬೆಳೆಸುತ್ತಾರೆ. ನೆತ್ತಿಯ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುವುದರಿಂದ, ಬಲೆಯಡಿಯೂ ಮಧ್ಯಾಹ್ನ 20ರಿಂದ 25 ಸಾವಿರ ಲಕ್ಸ್ ಬೆಳಕು ಸಿಗುತ್ತದೆ. ಕಿಟಕಿಯಿಂದ ಹತ್ತು ಅಡಿ ದೂರದ ಟೀಪಾಯಿಯ ಮೇಲೆ ಬಹುಪಾಲು ಕೆಲವು ನೂರು ಲಕ್ಸ್ ಮಾತ್ರ. 'ನೆರಳಿನ ಗಿಡ' ಎಂಬ ಮಾತು ತೋಟದ ನೆರಳನ್ನು ಕುರಿತದ್ದೇ ಹೊರತು ಕೋಣೆಯ ಮೂಲೆಯನ್ನಲ್ಲ.

ಈ ಗಿಡಕ್ಕೆ ತಕ್ಕ ಜಾಗ ಪೂರ್ವದ ಕಿಟಕಿಯ ಪಕ್ಕ, ಅಥವಾ ತೆಳುವಾದ ಬಿಳಿ ಪರದೆ ಹಾಕಿದ ದಕ್ಷಿಣದ ಕಿಟಕಿಯ ಹತ್ತಿರ. ಆದರೆ ಒಮ್ಮೆಲೇ ಸಾಗಿಸಿದರೆ ಮಬ್ಬಿನಲ್ಲಿ ಬೆಳೆದ ಎಲೆ ಸುಟ್ಟುಹೋಗುತ್ತದೆ. ಎರಡು ವಾರಗಳಲ್ಲಿ ಹಂತಹಂತವಾಗಿ ಕಿಟಕಿಯ ಹತ್ತಿರಕ್ಕೆ ತರಬೇಕು. ಹೊಸ ಬೇರು ಹೊರಟ ಮೇಲೆ, ಡಬ್ಬದ ಮೇಲೆ ಹೇಳಿದ ಪ್ರಮಾಣದ ಕಾಲುಭಾಗದಷ್ಟು ಗೊಬ್ಬರವನ್ನು ಎರಡು ಮೂರು ವಾರಕ್ಕೊಮ್ಮೆ ನೀರಿನಲ್ಲಿ ಕರಗಿಸಿ ಕೊಡಬಹುದು. ಬೇರು ಕತ್ತರಿಸಿದ ಕೂಡಲೇ ಗೊಬ್ಬರ ಹಾಕಿದರೆ ಗಾಯಗೊಂಡ ಬೇರಿಗೆ ಲವಣದ ಹೊರೆ ಬೀಳುತ್ತದೆ. ಗೊಬ್ಬರ ಹೆಚ್ಚಿಸಿ ಬೆಳಕಿನ ಕೊರತೆ ತುಂಬಲೂ ಆಗದು.

ಕಂದಾದ ಭಾಗ ಮತ್ತೆ ಹಸಿರಾಗುವುದಿಲ್ಲ, ಹಾಗಾಗಿ ಹಳೆಯ ಎಲೆಗಳನ್ನು ನೋಡಿ ಗಿಡದ ಚೇತರಿಕೆಯನ್ನು ಅಳೆಯಲಾಗದು. ಕಲೆಯ ಗಡಿ ಮುಂದೆ ಸರಿಯದೆ ನಿಂತಿದೆಯೇ, ಹೊಸ ಎಲೆ ಕಲೆಯಿಲ್ಲದೆ ಬಿಚ್ಚುತ್ತಿದೆಯೇ ಎಂದು ನೋಡಬೇಕು. ಎಲೆಯ ಅರ್ಧಕ್ಕಿಂತ ಹೆಚ್ಚು ಹಸಿರು ಉಳಿದಿದ್ದರೆ ಅದನ್ನು ಕೀಳದಿರುವುದು ಲೇಸು, ಅದು ಇನ್ನೂ ಆಹಾರ ತಯಾರಿಸುತ್ತಿರುತ್ತದೆ. ಬೇರು ಕಳೆದುಕೊಂಡ ಗಿಡ ಮೊದಲು ಬೇರನ್ನು, ನಂತರ ಎಲೆಯನ್ನು ಕಟ್ಟಿಕೊಳ್ಳುವುದರಿಂದ ಹೂವಿಗೆ ಹಲವು ತಿಂಗಳು ಹಿಡಿಯಬಹುದು. ಮೊದಲ ಹೊಸ ಎಲೆಯ ತೊಟ್ಟಿನ ಬುಡದಲ್ಲಿ ಮೊಗ್ಗು ಕಾಣದಿದ್ದರೆ, ಎರಡನೆಯ ಎಲೆಯಲ್ಲೂ ಇಲ್ಲದಿದ್ದರೆ, ಗಿಡವನ್ನು ಕಿಟಕಿಗೆ ಇನ್ನೊಂದಡಿ ಹತ್ತಿರ ತರಬೇಕು.